ಲಾಜಿಕ್ ಪೇಪರಿಗೆ ವಾದ ವಿಶ್ಲೇಷಣೆಯ ಪ್ರಶ್ನೆ: ಯಾವ ಬಗೆ ಆರಿಸಬೇಕು, ಅಂಕ ಹೇಗೆ ಕೊಡಬೇಕು

ಬೆಂಗಳೂರಿನ ಡಿಗ್ರಿ ಕಾಲೇಜು, ಲಾ ಕಾಲೇಜುಗಳಲ್ಲಿ ಲಾಜಿಕ್ ಪಾಠ ಮಾಡುವ ಗೆಳೆಯರು ಇಂಟರ್ನಲ್ಸ್ ಹತ್ತಿರ ಬಂದಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಟ್ರೂತ್ ಟೇಬಲ್, ಸಿಲಾಜಿಸಂಗೆ ಪ್ರಶ್ನೆ ತೆಗೆಯುವುದು ಕಷ್ಟವಲ್ಲ. ಉತ್ತರ ಸರಿ ಇರುತ್ತದೆ, ಇಲ್ಲ ತಪ್ಪಿರುತ್ತದೆ. ಆದರೆ ದಿನಪತ್ರಿಕೆಯಲ್ಲಿ ಬರುವಂಥ ಒಂದು ಪ್ಯಾರಾ ಕೊಟ್ಟು ಅದರ ವಾದವನ್ನು ಬಿಡಿಸಿ ನೋಡಿ ಅಂತ ಕೇಳಬೇಕಾದಾಗ ಕೈ ತಡವರಿಸುತ್ತದೆ. ಬಹು ಆಯ್ಕೆಯ ಪ್ರಶ್ನೆ ಕೊಡೋದಾ? ತಪ್ಪಿನ ಹೆಸರು ಹೇಳಿ ಅನ್ನೋದಾ? ವಾದದ ನಕ್ಷೆ ಬರೆಸೋದಾ? ಇಲ್ಲ, ನಾಲ್ಕು ಸಾಲು ಬರೆಯಿರಿ ಅಂತ ಬಿಟ್ಟುಬಿಡೋದಾ? ಬರೆಸಿದರೆ ಅಂಕ ಹೇಗೆ ಕೊಡೋದು?

ಈ ನಾಲ್ಕನ್ನೂ ಒಂದೇ ಪ್ಯಾರಾದ ಮೇಲೆ ಇಟ್ಟು ನೋಡೋಣ. ಬೇರೆ ಬೇರೆ ಪ್ಯಾರಾ ತೆಗೆದುಕೊಂಡರೆ ವ್ಯತ್ಯಾಸ ಪ್ರಶ್ನೆಯದ್ದೋ ಪ್ಯಾರಾದ್ದೋ ಗೊತ್ತಾಗುವುದಿಲ್ಲ.

ಪ್ಯಾರಾ ಹೀಗಿದೆ. ನಾನೇ ಕಟ್ಟಿದ್ದು. ವಾಕ್ಯಗಳಿಗೆ ನಂಬರ್ ಹಾಕಿದ್ದೇನೆ.

"(1) ಕಳೆದ ವರ್ಷ ನಮ್ಮ ಬಡಾವಣೆಯ ಮುಖ್ಯರಸ್ತೆಯನ್ನು ಒನ್ ವೇ ಮಾಡಿದರು. (2) ಅದಾದ ಮೇಲೆ ಆ ರಸ್ತೆಯಲ್ಲಿ ಅಪಘಾತಗಳು ಕಡಿಮೆಯಾಗಿವೆ. (3) ಅಂದರೆ ಒನ್ ವೇ ಮಾಡಿದ್ದರಿಂದಲೇ ಅಪಘಾತ ಕಡಿಮೆಯಾಗಿದೆ. (4) ಒನ್ ವೇ ಆದರೆ ವ್ಯಾಪಾರ ಕುಸಿಯುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. (5) ಆದರೆ ಆ ಅಂಗಡಿಗಳಿಗೆ ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ನಡೆದುಕೊಂಡೇ ಬರುವವರು. (6) ಆದ್ದರಿಂದ ಪಕ್ಕದ ಅಡ್ಡರಸ್ತೆಯನ್ನೂ ಒನ್ ವೇ ಮಾಡಬೇಕು."

ಆರೇ ವಾಕ್ಯ. ಆದರೆ ಇದರಲ್ಲಿ ಕೆಲಸ ಸಾಕಷ್ಟಿದೆ. ಮುಖ್ಯ ತೀರ್ಮಾನ ಒಂದಿದೆ, ಅದಕ್ಕಿಂತ ಮೊದಲು ಒಂದು ನಡುವಿನ ತೀರ್ಮಾನ ಇದೆ. ಒಂದು ಆಕ್ಷೇಪ ಇದೆ, ಅದಕ್ಕೊಂದು ಉತ್ತರವೂ ಇದೆ. ಲೇಖಕರು ಬಾಯಿಬಿಟ್ಟು ಹೇಳದ ಆಧಾರವೂ ಇದೆ: ಅಡ್ಡರಸ್ತೆಯೂ ಮುಖ್ಯರಸ್ತೆಯ ಹಾಗೇ ಇದೆ ಅನ್ನುವುದು.

ಮೊದಲು ಅಳತೆಗೋಲು

ಪ್ರಶ್ನೆಯ ಬಗೆ ಆರಿಸುವಾಗ ನಾನು ನೋಡುವುದು ನಾಲ್ಕು ಸಂಗತಿ. ಮೊದಲನೆಯದು, ವಿದ್ಯಾರ್ಥಿಯ ಯೋಚನೆಯಲ್ಲಿ ಎಷ್ಟು ಭಾಗ ನನಗೆ ಕಾಣುತ್ತದೆ. ಉತ್ತರ ಮಾತ್ರ ಕಾಣುತ್ತದಾ, ಅಲ್ಲಿಗೆ ಹೋದ ದಾರಿಯೂ ಕಾಣುತ್ತದಾ? ಎರಡನೆಯದು ಸಮಯ. ಪೇಪರ್ ತೆಗೆಯುವ ಸಮಯ ಬೇರೆ, ತಿದ್ದುವ ಸಮಯ ಬೇರೆ. ಒಂದರಲ್ಲಿ ಉಳಿಸಿದ್ದನ್ನು ಇನ್ನೊಂದರಲ್ಲಿ ಕಟ್ಟಬೇಕಾಗುತ್ತದೆ. ಮೂರನೆಯದು, ಅದೇ ಉತ್ತರವನ್ನು ಇನ್ನೊಬ್ಬ ಮೇಷ್ಟ್ರು ನೋಡಿದರೆ ಅಷ್ಟೇ ಅಂಕ ಕೊಡುತ್ತಾರಾ?

ನಾಲ್ಕನೆಯದು ನಮ್ಮೂರಿನ ತರಗತಿಗಳಿಗೆ ತುಂಬ ಮುಖ್ಯ. ಒಂದೇ ಬೆಂಚಿನಲ್ಲಿ ಕನ್ನಡ ಮೀಡಿಯಂನಿಂದ ಬಂದವರು, ಇಂಗ್ಲಿಷ್ ಮೀಡಿಯಂನಿಂದ ಬಂದವರು, ಮನೆಯಲ್ಲಿ ತಮಿಳೋ ಉರ್ದುವೋ ತೆಲುಗೋ ಮಾತಾಡುವವರು ಕೂತಿರುತ್ತಾರೆ. ನಾವು ಅಂಕ ಕೊಡುತ್ತಿರುವುದು ಯೋಚನೆಗಾ, ಬರವಣಿಗೆಗಾ? ಪ್ರಶ್ನೆಯ ಬಗೆ ಬದಲಾದರೆ ಇದರ ಉತ್ತರವೂ ಬದಲಾಗುತ್ತದೆ.

ಬಹು ಆಯ್ಕೆಯ ಪ್ರಶ್ನೆ

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತಯಾರಾಗುವ ಮಕ್ಕಳಿಗೆ ಇದು ಪರಿಚಿತ. ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿಗೆ ಸೇರಲು ಬರೆಯುವ ಕ್ಲಾಟ್‌ನಲ್ಲಿ ಒಂದು ಪ್ಯಾರಾ ಓದಿ ಅದರ ಮೇಲಿನ ಪ್ರಶ್ನೆಗಳಿಗೆ ಉತ್ತರ ಆರಿಸಬೇಕು. ತಪ್ಪಿಗೆ 0.25 ಅಂಕ ಕಳೆಯುತ್ತಾರೆ. ಸಾವಿರಾರು ಜನ ಬರೆಯುವ ಪರೀಕ್ಷೆಗೆ ಬೇರೆ ದಾರಿ ಕಷ್ಟ.

ನಮ್ಮ ಪ್ಯಾರಾದ ಮೇಲೆ ಒಂದು ಪ್ರಶ್ನೆ ಮಾಡಿ ನೋಡೋಣ. "ಈ ವಾದವನ್ನು ಅತಿ ಹೆಚ್ಚು ದುರ್ಬಲ ಮಾಡುವುದು ಯಾವುದು?"

ಅ) ಒನ್ ವೇ ಮಾಡಿದ ತಿಂಗಳಲ್ಲೇ ಅದೇ ರಸ್ತೆಗೆ ಮೂರು ಹಂಪ್ ಹಾಕಿದ್ದರು.
ಆ) ಒನ್ ವೇ ಆದ ಮೇಲೂ ಬಹಳ ಜನ ಎದುರು ದಿಕ್ಕಿನಿಂದ ಗಾಡಿ ಓಡಿಸುತ್ತಾರೆ.
ಇ) ಅಡ್ಡರಸ್ತೆಯ ನಿವಾಸಿಗಳಿಗೆ ಒನ್ ವೇ ಇಷ್ಟವಿಲ್ಲ.
ಈ) ಅಕ್ಕಪಕ್ಕದ ಬಡಾವಣೆಗಳಲ್ಲಿ ಒನ್ ವೇ ರಸ್ತೆಗಳೇ ಇಲ್ಲ.

ಕೀ ಆನ್ಸರ್ 'ಅ'. ಅಪಘಾತ ಕಡಿಮೆಯಾಗಲು ಇನ್ನೊಂದು ಕಾರಣ ಸಿಕ್ಕಿತು, 3ನೇ ವಾಕ್ಯ ಅಲ್ಲಾಡಿತು. ಸರಿ. ಆದರೆ 'ಆ' ಗುರುತು ಹಾಕಿದ ಹುಡುಗಿ ಬಂದು ಹೀಗೆ ಕೇಳಬಹುದು: "ಮೇಡಂ, ಬಹಳ ಜನ ಎದುರಿಗೇ ಬರ್ತಾ ಇದ್ರೆ ಆ ರಸ್ತೆ ಒನ್ ವೇ ಆಗೇ ಇಲ್ಲ ಅಲ್ವಾ? ಆದ್ರೂ ಅಪಘಾತ ಕಡಿಮೆಯಾಗಿದೆ ಅಂದ್ರೆ ಕಾರಣ ಬೇರೆ ಏನೋ ಇರಬೇಕು." ಅವಳ ಯೋಚನೆ ಸರಿಯಾಗಿದೆ. 'ಅ' ಆರಿಸಿದವರಲ್ಲಿ ಎಷ್ಟೋ ಜನರಿಗಿಂತ ಅವಳು ಆಳಕ್ಕೆ ಹೋಗಿದ್ದಾಳೆ. ಆದರೂ ಅವಳಿಗೆ ಸೊನ್ನೆ. ಸುಮ್ನೆ ಕಣ್ಣುಮುಚ್ಚಿ 'ಅ' ಗುರುತು ಹಾಕಿದವನಿಗೆ ಪೂರ್ತಿ ಅಂಕ.

ಈ ಬಗೆಯ ಮುಖ್ಯ ತೊಂದರೆ ಇದೇ. ದಾರಿ ಕಾಣುವುದಿಲ್ಲ. ನಾಲ್ಕು ಆಯ್ಕೆಯಲ್ಲಿ ಊಹೆಗೆ ಸರಿಯಾಗುವ ಅವಕಾಶ ಹೇಗೂ ನಾಲ್ಕರಲ್ಲಿ ಒಂದು. ತಿದ್ದುವುದು ನಿಮಿಷದ ಕೆಲಸ ನಿಜ, ಆದರೆ ಒಳ್ಳೆಯ ಪ್ರಶ್ನೆ ತೆಗೆಯುವುದು ಹಾಗಲ್ಲ. ತಪ್ಪು ಆಯ್ಕೆಗಳು ಮೂರೂ ನಿಜವಾಗಿ ತಪ್ಪಾಗಿರಬೇಕು, ನೋಡಲು ಮಾತ್ರ ಸರಿ ಅನ್ನಿಸಬೇಕು. ಮೇಲಿನ 'ಆ' ಈ ಪರೀಕ್ಷೆಯಲ್ಲಿ ಫೇಲ್. ಅದನ್ನು "ಒನ್ ವೇ ಫಲಕ ಕೆಲವರಿಗೆ ಸರಿಯಾಗಿ ಕಾಣುವುದಿಲ್ಲ ಅಂತ ದೂರಿದೆ" ಅಂತ ಬದಲಿಸಿದರೆ ಸ್ವಲ್ಪ ವಾಸಿ.

ಆಯ್ಕೆಗಳ ಕೆಳಗೆ "ಯಾಕೆ? ಒಂದೇ ವಾಕ್ಯದಲ್ಲಿ ಬರೆಯಿರಿ" ಅಂತ ಒಂದು ಗೆರೆ ಬಿಟ್ಟರೆ ಅರ್ಧ ತೊಂದರೆ ಹೋಗುತ್ತದೆ. ಗುರುತಿಗೆ 1, ಕಾರಣಕ್ಕೆ 2 ಅಂಕ. ಆಗ 'ಆ' ಬರೆದ ಹುಡುಗಿಗೂ 2 ಸಿಗುತ್ತದೆ. ತಿದ್ದುವ ಸಮಯ ಹೆಚ್ಚಾಗುತ್ತದೆ, ಆದರೆ ವಿಪರೀತ ಅಲ್ಲ.

ತಪ್ಪಿನ ಹೆಸರು ಹೇಳಿ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ನನಗೆ ಇದರ ಮೇಲೆ ಅಷ್ಟು ಒಲವಿಲ್ಲ. ಕಾಕತಾಳೀಯ, ಅವಸರದ ಸಾಮಾನ್ಯೀಕರಣ, ವ್ಯಕ್ತಿ ದೂಷಣೆ ಅಂತ ಒಂದು ಪಟ್ಟಿ ಕೊಡುತ್ತೇವೆ. ಮಕ್ಕಳು ಗೈಡ್ ನೋಡಿ ಉರು ಹೊಡೆಯುತ್ತಾರೆ. ಆಮೇಲೆ ಪ್ಯಾರಾದಲ್ಲಿ "ಅದಾದ ಮೇಲೆ" ಅಂತ ಎರಡು ಪದ ಕಂಡರೆ ಸಾಕು, ಕಣ್ಣುಮುಚ್ಚಿ "ಕಾಕತಾಳೀಯ" ಅಂತ ಬರೆಯುತ್ತಾರೆ. ನಮ್ಮ ಪ್ಯಾರಾಕ್ಕೆ ಅದು ಸರಿಹೊಂದುತ್ತದೆ ಕೂಡ. ಆದರೆ "ಮಾತ್ರೆ ತಗೊಂಡ ಮೇಲೆ ಜ್ವರ ಬಿಡ್ತು, ನೂರಾರು ರೋಗಿಗಳಲ್ಲಿ ಹೋಲಿಸಿ ನೋಡಿದಾಗಲೂ ಹಾಗೇ ಆಯ್ತು" ಅನ್ನುವ ಒಳ್ಳೆಯ ವಾದಕ್ಕೂ ಅದೇ ಹಣೆಪಟ್ಟಿ ಅಂಟಿಸುತ್ತಾರೆ. ಯಾವ ಕೊಂಡಿ ಸಡಿಲ, ಎಷ್ಟು ಸಡಿಲ ಅನ್ನುವುದು ಹೆಸರಿನಿಂದ ಗೊತ್ತಾಗುವುದಿಲ್ಲ.

ಈ ಬಗೆ ಬೇಕೇ ಬೇಕು ಅಂದರೆ ಒಂದು ಉಪಾಯ ಮಾಡಿ. ಮೂರು ಚಿಕ್ಕ ವಾದ ಕೊಡಿ. ಅದರಲ್ಲಿ ಒಂದು ತಪ್ಪೇ ಇಲ್ಲದ್ದಾಗಿರಲಿ. "ತಪ್ಪಿದ್ದರೆ ಮಾತ್ರ ಹೆಸರಿಸಿ, ಇಲ್ಲದಿದ್ದರೆ ಯಾಕೆ ಸರಿ ಅಂತ ಹೇಳಿ" ಅನ್ನಿ. ಹಣೆಪಟ್ಟಿ ಅಂಟಿಸುವವರು ಯಾರು, ಓದಿ ನೋಡುವವರು ಯಾರು ಅನ್ನುವುದು ಅಲ್ಲೇ ಬೇರೆಯಾಗುತ್ತದೆ.

ವಾದದ ನಕ್ಷೆ

ವಾಕ್ಯಗಳ ನಂಬರ್ ಬರೆದು, ಯಾವುದು ಯಾವುದಕ್ಕೆ ಆಧಾರ ಅಂತ ಬಾಣ ಹಾಕಿಸುವ ಬಗೆ ಇದು. ಹಳೆಯ ಉಪಾಯ. ಅಮೆರಿಕದ ಕಾನೂನು ಪ್ರಾಧ್ಯಾಪಕ ವಿಗ್ಮೋರ್ 1913ರಲ್ಲೇ ಕೋರ್ಟಿನ ಸಾಕ್ಷ್ಯಗಳನ್ನು ಹೀಗೆ ಗೆರೆ ಎಳೆದು ಜೋಡಿಸಿ ತೋರಿಸಿದ್ದರು. ನಮ್ಮ ಪ್ಯಾರಾದ ನಕ್ಷೆ ಹೀಗೆ ಬರುತ್ತದೆ. ಬಾಣ ಅಂದರೆ ಬೆಂಬಲ, x ಅಂದರೆ ವಿರೋಧ.

```
1 + 2 --> 3 --> 6
5 --x 4 --x 6
```

1 ಮತ್ತು 2ನ್ನು ಕೂಡಿಸಿ ಬರೆಯಬೇಕು. ಬಿಡಿಬಿಡಿಯಾಗಿ ಬಾಣ ಹಾಕಿದರೆ ತಪ್ಪು. ಪರೀಕ್ಷಿಸುವುದು ಸುಲಭ: ಒಂದನ್ನು ಕೈಯಿಂದ ಮುಚ್ಚಿ ನೋಡಿ. "ಒನ್ ವೇ ಮಾಡಿದರು" ಅನ್ನುವುದನ್ನು ಮುಚ್ಚಿದರೆ, ಅಪಘಾತ ಕಡಿಮೆಯಾಗಿದೆ ಅನ್ನುವುದೊಂದರಿಂದ 3ಕ್ಕೆ ಹೋಗಲು ಆಗುವುದಿಲ್ಲ. ಎರಡೂ ಕೈ ಸೇರಿದರೆ ಮಾತ್ರ 3 ನಿಲ್ಲುತ್ತದೆ.

ನಕ್ಷೆಯ ದೊಡ್ಡ ಗುಣ ಅಂದರೆ ತಪ್ಪು ಎಲ್ಲಾಯಿತು ಅನ್ನುವುದು ನೇರವಾಗಿ ಕಾಣುತ್ತದೆ. ಒಂದು ಸಾಮಾನ್ಯ ತಪ್ಪು, 4ರಿಂದ 6ಕ್ಕೆ ಬೆಂಬಲದ ಬಾಣ ಹಾಕುವುದು. ಅಂದರೆ "ಅಂಗಡಿಯವರು ಹೇಳುತ್ತಾರೆ" ಅನ್ನುವುದನ್ನು ಲೇಖಕರ ಸ್ವಂತ ಮಾತು ಅಂತ ಓದಿದ್ದಾರೆ. ಇದು ಓದಿನ ತಪ್ಪು, ತರ್ಕದ ತಪ್ಪಲ್ಲ. ಇನ್ನೊಂದು, 3ನ್ನು ಬಿಟ್ಟು 2ರಿಂದ ನೇರ 6ಕ್ಕೆ ಹೋಗುವುದು. ಇವರಿಗೆ ಕಾರಣ ಮತ್ತು ಶಿಫಾರಸು ಎರಡು ಬೇರೆ ಹೆಜ್ಜೆ ಅನ್ನುವುದು ಹೊಳೆದಿಲ್ಲ. "ಅಂದರೆ", "ಆದ್ದರಿಂದ" ಎರಡೂ ಇರುವ ಪ್ಯಾರಾದಲ್ಲಿ ಕೊನೆಯ "ಆದ್ದರಿಂದ" ಮಾತ್ರ ಹುಡುಕಿದ್ದಾರೆ.

5ರಿಂದ ನೇರವಾಗಿ 6ಕ್ಕೆ ಬೆಂಬಲದ ಬಾಣ ಹಾಕಿದರೆ? ಇದರಲ್ಲಿ ಮೇಷ್ಟ್ರುಗಳಲ್ಲೇ ಒಮ್ಮತ ಇಲ್ಲ. ನನ್ನ ಪ್ರಕಾರ ಅರ್ಧ ಅಂಕ. ಆಕ್ಷೇಪವನ್ನು ತಳ್ಳಿಹಾಕುವುದೂ ತೀರ್ಮಾನಕ್ಕೆ ಒಂದು ಬಗೆಯ ಸಹಾಯವೇ, ಆದರೆ ಗಿರಾಕಿಗಳು ನಡೆದು ಬರುತ್ತಾರೆ ಅನ್ನುವುದು ತಾನೊಂದೇ ಒನ್ ವೇ ಮಾಡಲು ಕಾರಣ ಆಗುವುದಿಲ್ಲ. ಇಂಥದ್ದನ್ನು ಸ್ಕೀಮಿನಲ್ಲಿ ಮೊದಲೇ ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಹತ್ತನೇ ಬ್ಲೂ ಬುಕ್‌ಗೆ ಅರ್ಧ ಅಂಕ ಕೊಟ್ಟು ನಲವತ್ತನೆಯದಕ್ಕೆ ಸೊನ್ನೆ ಹಾಕಿರುತ್ತೀರಿ.

6 ಅಂಕದ ಪ್ರಶ್ನೆಯಾದರೆ ಹಂಚಿಕೆ ಹೀಗೆ ಮಾಡಬಹುದು: ಮುಖ್ಯ ತೀರ್ಮಾನಕ್ಕೆ 1, ನಡುವಿನ ತೀರ್ಮಾನಕ್ಕೆ 1, 1 ಮತ್ತು 2ನ್ನು ಕೂಡಿಸಿದ್ದಕ್ಕೆ 1, ಆಕ್ಷೇಪ ಮತ್ತು ಅದರ ಉತ್ತರಕ್ಕೆ 1, ಹೇಳದೆ ಬಿಟ್ಟ ಆಧಾರವನ್ನು ಸ್ವಂತ ಮಾತಿನಲ್ಲಿ ಬರೆದದ್ದಕ್ಕೆ 2. ಕೊನೆಯದಕ್ಕೆ ಹೆಚ್ಚು ಕೊಡಲು ಕಾರಣ ಇದೆ. "ಒನ್ ವೇ ಒಳ್ಳೆಯದು" ಅಂತ ಬರೆದರೆ ಅದು ತುಂಬ ಅಗಲವಾಯಿತು, ವಾದಕ್ಕೆ ಅಷ್ಟು ಬೇಕಿಲ್ಲ. "ಮುಖ್ಯರಸ್ತೆಯಲ್ಲಿ ಫಲ ಕೊಟ್ಟದ್ದು ಅಡ್ಡರಸ್ತೆಯಲ್ಲೂ ಕೊಡುತ್ತದೆ" ಅಂದರೆ ಸರಿಯಾದ ಅಳತೆ. 3ರಿಂದ 6ಕ್ಕೆ ದಾಟಲು ಎಷ್ಟು ಬೇಕೋ ಅಷ್ಟೇ.

ಭಾಷೆಯ ತೊಡಕು ಇಲ್ಲಿ ಬಹಳ ಕಡಿಮೆ. ಬರೆಯುವುದು ನಂಬರು, ಬಾಣ, ಒಂದು ವಾಕ್ಯ. ಒಂದು ಉತ್ತರಕ್ಕೆ ಅಂದಾಜು ಎರಡು ನಿಮಿಷ ಸಾಕು, ಅರವತ್ತು ಜನರ ತರಗತಿಗೆ ಎರಡು ಗಂಟೆ. ಇಬ್ಬರು ತಿದ್ದಿದರೂ ಅಂಕ ಹತ್ತಿರ ಹತ್ತಿರ ಬರುತ್ತದೆ. ಕೊರತೆ ಏನೆಂದರೆ, ವಾದ ಹೇಗೆ ಕಟ್ಟಿದೆ ಅಂತ ಮಾತ್ರ ಇದು ಕೇಳುತ್ತದೆ, ಗಟ್ಟಿಯಾಗಿದೆಯಾ ಅಂತ ಕೇಳುವುದಿಲ್ಲ. ಹುರುಳೇ ಇಲ್ಲದ ವಾದಕ್ಕೂ ಚೆಂದದ ನಕ್ಷೆ ಬರೆಯಬಹುದು.

ನಮ್ಮ ನ್ಯಾಯಶಾಸ್ತ್ರದ ಐದು ಅವಯವಗಳಲ್ಲಿ, ಅಂದರೆ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನದಲ್ಲಿ ಬರೆಸಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಬರೆಸಬಹುದು. ಅದರ ಲಾಭ ಅಂದರೆ ಉದಾಹರಣೆಯ ಜಾಗದಲ್ಲಿ ಸಾಮಾನ್ಯ ನಿಯಮವನ್ನು ಹೇಳಲೇಬೇಕು, ಬಚ್ಚಿಡಲು ಆಗುವುದಿಲ್ಲ. ಉಪಾಧಿಯನ್ನು ಹುಡುಕುವ ಅಭ್ಯಾಸವೂ ಬರುತ್ತದೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ, ಹಸಿ ಕಟ್ಟಿಗೆ ಇದ್ದರೆ ಮಾತ್ರ ಇರುತ್ತದೆ. ಒನ್ ವೇ ವಾದದಲ್ಲಿ ಹಂಪ್ ಆ ಹಸಿ ಕಟ್ಟಿಗೆ ಇದ್ದ ಹಾಗೆ. ಆದರೆ 4 ಮತ್ತು 5ರಂಥ ಆಕ್ಷೇಪ-ಉತ್ತರಗಳಿಗೆ ಐದು ಅವಯವದಲ್ಲಿ ಸುಲಭದ ಜಾಗ ಇಲ್ಲ. ಸಂಸ್ಕೃತದ ಹಿನ್ನೆಲೆ ಇರುವ ತರಗತಿಗೆ ಒಂದು ಹೆಚ್ಚುವರಿ ಪ್ರಶ್ನೆಯಾಗಿ ಇಟ್ಟುಕೊಳ್ಳಿ.

ಚಿಕ್ಕ ಬರಹ

ಹೆಚ್ಚು ಕಾಣುವುದು, ಹೆಚ್ಚು ತಲೆಬಿಸಿ ಮಾಡುವುದು ಎರಡೂ ಇದೇ. ಜಿಆರ್‌ಇ ಪರೀಕ್ಷೆಯಲ್ಲಿ ಹಿಂದೆ ಒಂದು ವಾದ ಕೊಟ್ಟು ಅರ್ಧ ಗಂಟೆಯಲ್ಲಿ ಅದನ್ನು ವಿಮರ್ಶಿಸಿ ಬರೆಯಲು ಹೇಳುತ್ತಿದ್ದರು. 2023ರ ಸೆಪ್ಟೆಂಬರಿನಲ್ಲಿ ಪರೀಕ್ಷೆಯನ್ನು ಚಿಕ್ಕದು ಮಾಡಿದಾಗ ಅದನ್ನೇ ಕೈಬಿಟ್ಟರು. ಇಂಥ ಪ್ರಶ್ನೆ ಸಮಯ ನುಂಗುತ್ತದೆ ಅನ್ನುವುದಕ್ಕೆ ಅಷ್ಟು ಸಾಕು.

ಆದರೆ ಉದ್ದದ ಪ್ರಬಂಧವೇ ಬೇಕು ಅಂತೇನಿಲ್ಲ. "ವಿಮರ್ಶಿಸಿ" ಅಂತ ಒಂದೇ ಪದದಲ್ಲಿ ಕೇಳಬೇಡಿ. ಹಾಗೆ ಕೇಳಿದರೆ ತಮಗೆ ಒನ್ ವೇ ಇಷ್ಟವೋ ಇಲ್ಲವೋ ಅಂತ ಬರೆದು ಎದ್ದು ಹೋಗುತ್ತಾರೆ. ನಾನು ಕೇಳುವುದು ಹೀಗೆ: "ಈ ವಾದದ ಅತಿ ಸಡಿಲ ಕೊಂಡಿ ಯಾವುದು? ಅದು ಸಡಿಲ ಅಂತ ಯಾಕೆ ಹೇಳುತ್ತೀರಿ? ಇನ್ನು ಯಾವ ಮಾಹಿತಿ ಸಿಕ್ಕರೆ ನಿಮ್ಮ ಅಭಿಪ್ರಾಯ ಬದಲಾಗುತ್ತದೆ? 100 ಪದ ಮೀರಬೇಡಿ." ಪದದ ಮಿತಿಯಿಂದ ತಿದ್ದುವವರಿಗೂ ಉಪಕಾರ, ಬರೆಯುವವರಿಗೂ ಉಪಕಾರ. ಐದು ಆಕ್ಷೇಪ ಪಟ್ಟಿ ಮಾಡಲು ಜಾಗ ಇರುವುದಿಲ್ಲ, ಒಂದನ್ನು ಆರಿಸಲೇಬೇಕು. ಆರಿಸುವುದರಲ್ಲೇ ಅರ್ಧ ತರ್ಕ ಇದೆ.

ಅಂಕ ಕೊಡುವುದು: ಎರಡು ಉತ್ತರ ಮುಂದಿಟ್ಟುಕೊಂಡು

ಬರಹದ ಉತ್ತರಕ್ಕೆ ಅಂಕ ಕೊಡಲು ಮೂರು ದಾರಿ ಇದೆ. ಪೂರ್ತಿ ಓದಿ ಒಟ್ಟು ಅಭಿಪ್ರಾಯದ ಮೇಲೆ ಒಂದು ಅಂಕ ಹಾಕುವುದು ಒಂದು. ಭಾಗ ಭಾಗವಾಗಿ ಒಡೆದು ಸ್ಕೀಮ್ ಪ್ರಕಾರ ಕೊಡುವುದು ಇನ್ನೊಂದು. ಎರಡು ಉತ್ತರ ಪಕ್ಕಪಕ್ಕ ಇಟ್ಟು ಯಾವುದು ವಾಸಿ ಅಂತ ಮಾತ್ರ ಹೇಳುತ್ತಾ ಹೋಗಿ, ಕೊನೆಗೆ ಎಲ್ಲವನ್ನೂ ಸಾಲಾಗಿ ಜೋಡಿಸುವುದು ಮೂರನೆಯದು. ಈ ಮೂರನೆಯದಕ್ಕೆ ಬುನಾದಿ ಹಾಕಿದ್ದು ಮನೋವಿಜ್ಞಾನಿ ಥರ್‌ಸ್ಟನ್, 1927ರಲ್ಲಿ.

ಸ್ಕೀಮ್ ಮಾಡುವಾಗ ಕೆನಡಾದ ಜಾನ್ಸನ್ ಮತ್ತು ಬ್ಲೇರ್ 1977ರಲ್ಲಿ ಮುಂದಿಟ್ಟ ಮೂರು ಪ್ರಶ್ನೆಗಳು ಕೈಗೆ ಬರುತ್ತವೆ. ಆಧಾರವನ್ನು ಒಪ್ಪಬಹುದಾ? ಅದಕ್ಕೂ ತೀರ್ಮಾನಕ್ಕೂ ಸಂಬಂಧ ಇದೆಯಾ? ಇದ್ದರೂ ಅಷ್ಟೇ ಸಾಕಾ? ಇದು ಪ್ಯಾರಾ ಬರೆದವರ ವಾದವನ್ನು ಅಳೆಯಲು ಇರುವ ಗೋಲು. ವಿದ್ಯಾರ್ಥಿಯ ಆಕ್ಷೇಪವೂ ಒಂದು ವಾದವೇ ಆದ್ದರಿಂದ ಅದನ್ನೂ ಇದೇ ಗೋಲಿನಲ್ಲಿ ಅಳೆಯಬಹುದು. ನನ್ನ 10 ಅಂಕದ ಹಂಚಿಕೆ ಹೀಗಿದೆ.

ಲೇಖಕರ ಮಾತನ್ನು ಸರಿಯಾಗಿ ಹಿಡಿದದ್ದಕ್ಕೆ 2 ಅಂಕ. ಅವರು ಹೇಳದ್ದನ್ನು ಅವರ ತಲೆಗೆ ಕಟ್ಟಿದರೆ, ಹೇಳಿದ್ದನ್ನು ಹೇಳಿಲ್ಲ ಅಂದರೆ ಇಲ್ಲಿ ಕಡಿತ. ಸಡಿಲ ಕೊಂಡಿಯನ್ನು ಗುರುತಿಸಿದ್ದಕ್ಕೆ 3. ಯಾವ ವಾಕ್ಯದಿಂದ ಯಾವ ವಾಕ್ಯಕ್ಕೆ ಹೋಗುವಾಗ ಜಾರಿತು ಅಂತ ಹೇಳಿದರೆ 3, ಜಾಗ ಹತ್ತಿರ ಇದ್ದು ಪೂರ್ತಿ ಸರಿ ಇಲ್ಲದಿದ್ದರೆ 2, ಸುಮ್ನೆ "ಆಧಾರ ಸಾಲದು" ಅಂದರೆ 1. ಕಾರಣ ಕೊಟ್ಟಿದ್ದಕ್ಕೆ 3. ಬೇರೆ ಯಾವ ವಿವರಣೆ ಸಾಧ್ಯ, ಅದು ನಿಜವಾದರೆ ವಾದಕ್ಕೆ ಏನಾಗುತ್ತದೆ ಅನ್ನುವ ತನಕ ಬಂದರೆ ಪೂರ್ತಿ. ಕೊನೆಯ 2 ಅಂಕ ತೂಕಕ್ಕೆ: ಈ ದೋಷದಿಂದ ವಾದ ಬಿದ್ದೇ ಹೋಯಿತಾ, ಬರೀ ದುರ್ಬಲವಾಯಿತಾ, ಯಾವ ಮಾಹಿತಿ ಬಂದರೆ ಮನಸ್ಸು ಬದಲಾಗುತ್ತದೆ?

ಈಗ ಎರಡು ಉತ್ತರ. ಎರಡೂ ನಾನು ಬರೆದವು, ಆದರೆ ಇಂಥವು ಪ್ರತಿ ಬ್ಯಾಚಿನಲ್ಲೂ ಸಿಗುತ್ತವೆ.

ಮೊದಲನೆಯದು: "ಈ ವಾದ ಸಂಪೂರ್ಣವಾಗಿ ದೋಷಪೂರಿತವಾಗಿದೆ. ಎಷ್ಟು ಅಪಘಾತಗಳು ಕಡಿಮೆಯಾದವು ಎಂಬ ಅಂಕಿ ಅಂಶ ನೀಡಿಲ್ಲ. ಅಂಗಡಿಯವರ ಕಷ್ಟವನ್ನು ಲೇಖಕರು ಗಮನಿಸಿಯೇ ಇಲ್ಲ. ಒನ್ ವೇ ಮಾಡಿದರೆ ಆಂಬುಲೆನ್ಸ್‌ಗಳು ಸುತ್ತಿ ಬರಬೇಕಾಗುತ್ತದೆ. ಪೊಲೀಸರು ಸರಿಯಾಗಿ ಕೆಲಸ ಮಾಡಿದರೆ ಒನ್ ವೇ ಬೇಕಾಗಿಯೇ ಇಲ್ಲ. ಎಲ್ಲ ರಸ್ತೆಗಳನ್ನೂ ಒನ್ ವೇ ಮಾಡಿದರೆ ಜನರು ಎಲ್ಲಿಗೆ ಹೋಗಬೇಕು?"

ಎರಡನೆಯದು: "ಮುಖ್ಯರಸ್ತೆ ಒನ್ ವೇ ಆದಾಗ ಗಾಡಿಗಳು ಅಡ್ಡರಸ್ತೆಗೆ ನುಗ್ಗಿರಬಹುದು. ಹಾಗಿದ್ರೆ ಅಪಘಾತ ಕಮ್ಮಿ ಆಗಿಲ್ಲ, ಜಾಗ ಬದಲಾಗಿದೆ. ಅದಕ್ಕೆ 3 ಸಡಿಲ. ಅಡ್ಡರಸ್ತೆನೂ ಒನ್ ವೇ ಮಾಡಿದ್ರೆ ಮೂರನೇ ರಸ್ತೆಗೆ ಹೋಗುತ್ತೆ. ಎರಡೂ ರಸ್ತೆ ಅಪಘಾತ ಕೂಡಿಸಿ ನೋಡಬೇಕು. ಒಟ್ಟು ಕಮ್ಮಿ ಆಗಿದ್ರೆ ಲೇಖಕರ ಮಾತು ಒಪ್ತೀನಿ."

ಒಟ್ಟು ಅಭಿಪ್ರಾಯದ ಮೇಲೆ ಅಂಕ ಹಾಕಿದರೆ ಇವೆರಡೂ ಹತ್ತಿರ ಹತ್ತಿರ ಬಂದುಬಿಡುವ ಅಪಾಯ ಇದೆ. ಮೊದಲನೆಯದರ ಭಾಷೆ ತಿದ್ದಿ ತೀಡಿದ್ದು, ಪಾಯಿಂಟ್ ಜಾಸ್ತಿ. ಎರಡನೆಯದು ಆಡುಮಾತು, ಒಂದೇ ಪಾಯಿಂಟ್. ಸ್ಕೀಮ್ ಹಿಡಿದು ನೋಡಿ.

ಮೊದಲನೆಯದರಲ್ಲಿ "ಅಂಗಡಿಯವರ ಕಷ್ಟ ಗಮನಿಸಿಯೇ ಇಲ್ಲ" ಅನ್ನುವುದು ಸುಳ್ಳು. 4 ಮತ್ತು 5ನೇ ವಾಕ್ಯ ಅದೇ ವಿಷಯ. "ಎಲ್ಲ ರಸ್ತೆಗಳನ್ನೂ" ಅಂತ ಲೇಖಕರು ಹೇಳಿಲ್ಲ. ಮೊದಲ ಭಾಗಕ್ಕೆ 0. ಕೊಂಡಿ ಯಾವುದು ಅಂತ ಹೇಳಿಲ್ಲ, ಅಂಕಿ ಅಂಶ ಇಲ್ಲ ಅನ್ನುವುದು 2ನೇ ವಾಕ್ಯಕ್ಕೆ ತಾಗುತ್ತದೆ, 1 ಕೊಡೋಣ. ಆಂಬುಲೆನ್ಸ್ ಮಾತು ಒಳ್ಳೆಯ ಆಕ್ಷೇಪವೇ. ಅದು 6ರ ವಿರುದ್ಧ ಹೊಸ ಕಾರಣ, ಆದರೆ ಮುಂದೆ ಬೆಳೆಸಿಲ್ಲ. ಕಾರಣಕ್ಕೆ 1. ತೂಕಕ್ಕೆ 0, ಯಾಕೆಂದರೆ "ಸಂಪೂರ್ಣ ದೋಷಪೂರಿತ" ಅಂತ ಬರೆದದ್ದಕ್ಕೆ ಕೆಳಗೆ ಯಾವ ಬಲವೂ ಇಲ್ಲ. ಒಟ್ಟು 2.

ಎರಡನೆಯದಕ್ಕೆ ಮೊದಲ ಭಾಗದಲ್ಲಿ 2. ಕೊಂಡಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. "3 ಸಡಿಲ" ಅಂತ ಬರೆದಿದ್ದಾನೆ. ನಿಜವಾಗಿ ನೋಡಿದರೆ ಗಾಡಿಗಳು ಅಡ್ಡರಸ್ತೆಗೆ ಹೋದದ್ದು ಒನ್ ವೇಯಿಂದಲೇ, ಹಾಗಾಗಿ ಮುಖ್ಯರಸ್ತೆಯ ಮಟ್ಟಿಗೆ 3 ನಿಜವೇ ಆಗಿಬಿಡುತ್ತದೆ. ಮುರಿಯುವುದು 3ರಿಂದ 6ಕ್ಕೆ ಹೋಗುವ ಕೊಂಡಿ. ಅದಕ್ಕೆ 3ರ ಬದಲು 2 ಅಂಕ. ಕಾರಣಕ್ಕೆ ಪೂರ್ತಿ 3: ಬೇರೆ ವಿವರಣೆ ಕೊಟ್ಟ, ಅದರಿಂದ ಶಿಫಾರಸಿಗೆ ಏನಾಗುತ್ತದೆ ಅಂತಲೂ ಹೇಳಿದ. ತೂಕಕ್ಕೆ 2. ಯಾವ ಲೆಕ್ಕ ತಂದರೆ ಒಪ್ಪುತ್ತೇನೆ ಅನ್ನುವುದು ಸ್ಪಷ್ಟವಾಗಿದೆ. ಒಟ್ಟು 9. ಕಾಗುಣಿತ, ವ್ಯಾಕರಣಕ್ಕೆ ಇಲ್ಲಿ ಅಂಕ ಇಲ್ಲ, ಕಡಿತವೂ ಇಲ್ಲ. ಅರ್ಥ ಆಗದಷ್ಟು ಕೆಟ್ಟಿದ್ದರೆ ಅದು ಬೇರೆ ಮಾತು.

2ಕ್ಕೂ 9ಕ್ಕೂ ಇರುವ ಅಂತರ ಕೆಲವರಿಗೆ ಕ್ರೂರ ಅನ್ನಿಸಬಹುದು. ಹಾಗನ್ನಿಸಿದರೆ ಭಾಗಗಳ ಅಂಕ ಬದಲಿಸಿ, ಮೊದಲ ಉತ್ತರದ ಪಾಯಿಂಟ್ ಎಣಿಸಿ ಅಂಕ ಸೇರಿಸಲು ಮಾತ್ರ ಹೋಗಬೇಡಿ. ಎಣಿಸಲು ಶುರು ಮಾಡಿದ ಕೂಡಲೇ ಮುಂದಿನ ಟೆಸ್ಟಿಗೆ ಎಲ್ಲರೂ ಪಟ್ಟಿ ಬರೆಯುತ್ತಾರೆ.

ಸ್ಕೀಮ್ ಸರಿಯಾಗಿದೆಯಾ ಅಂತ ನೋಡಲು ನಾನು ಒಂದು ಪರೀಕ್ಷೆ ಮಾಡುತ್ತೇನೆ. ಲೇಖಕರನ್ನು ಒಪ್ಪುವ ಒಂದು ಉತ್ತರ ನಾನೇ ಬರೆದು ನೋಡುತ್ತೇನೆ. "ಅತಿ ಸಡಿಲ ಕೊಂಡಿ 3ರಿಂದ 6. ಆದರೆ ಎರಡೂ ರಸ್ತೆ ಒಂದೇ ಅಗಲ, ಒಂದೇ ಶಾಲೆಯ ಮುಂದೆ ಹೋಗುತ್ತವೆ ಅಂತಾದರೆ ಆ ಕೊಂಡಿ ನಿಲ್ಲುತ್ತದೆ" ಅನ್ನುವಂಥದ್ದು. ಇದಕ್ಕೆ 10 ಬರುವ ಸಾಧ್ಯತೆ ಇಲ್ಲದಿದ್ದರೆ ನಾನು ತರ್ಕಕ್ಕೆ ಅಂಕ ಕೊಡುತ್ತಿಲ್ಲ, ಜಗಳಕ್ಕೆ ಕೊಡುತ್ತಿದ್ದೇನೆ ಅಂತ ಅರ್ಥ.

ತಿದ್ದುವಾಗ ಅಳತೆ ಜಾರುತ್ತದೆ. ಮೊದಲ ಹತ್ತಕ್ಕೆ ಬಿಗಿ, ರಾತ್ರಿ ಹನ್ನೊಂದಕ್ಕೆ ಸಡಿಲ. ಇದಕ್ಕೆ ಮದ್ದು ಸರಳ. ಮೊದಲು ಐದು ಬ್ಲೂ ಬುಕ್ ಅಂಕ ಹಾಕದೆ ಓದಿ. ಆಮೇಲೆ ಒಂದೊಂದೇ ಪ್ರಶ್ನೆಯನ್ನು ಎಲ್ಲರದ್ದೂ ತಿದ್ದಿ ಮುಗಿಸಿ, ನಂತರ ಮುಂದಿನ ಪ್ರಶ್ನೆಗೆ ಹೋಗಿ. ಕೊನೆಗೆ ಮೊದಲ ಐದನ್ನು ಹಾಕಿದ ಅಂಕ ಮುಚ್ಚಿಟ್ಟು ಮತ್ತೆ ತಿದ್ದಿ. 2 ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ಕೀಮಿನ ಯಾವುದೋ ಸಾಲು ಅಸ್ಪಷ್ಟವಾಗಿದೆ. ಸಾಮಾನ್ಯವಾಗಿ ಅದು ಕಾರಣದ 3 ಅಂಕದ ಸಾಲೇ ಆಗಿರುತ್ತದೆ.

ಜೋಡಿ ಜೋಡಿಯಾಗಿ ಹೋಲಿಸುವ ದಾರಿಯ ಲೆಕ್ಕವನ್ನೂ ನೋಡಿ. ಅರವತ್ತು ಉತ್ತರ, ಪ್ರತಿಯೊಂದೂ ಹತ್ತು ಸಲ ಹೋಲಿಕೆಗೆ ಬರಬೇಕು ಅಂದುಕೊಳ್ಳಿ. ಒಂದು ಹೋಲಿಕೆಯಲ್ಲಿ ಎರಡು ಉತ್ತರ ಇರುವುದರಿಂದ 300 ಹೋಲಿಕೆ. ಒಂದಕ್ಕೆ ಒಂದು ನಿಮಿಷ ಅಂದರೂ ಐದು ಗಂಟೆ. ಸ್ಕೀಮ್ ಹಿಡಿದು ಒಂದಕ್ಕೆ ಐದು ನಿಮಿಷ ಕೊಟ್ಟರೂ ಅಷ್ಟೇ ಆಗುತ್ತದೆ. ಹೋಲಿಕೆಯಲ್ಲಿ ಯಾರು ಮೇಲೆ, ಯಾರು ಕೆಳಗೆ ಅನ್ನುವುದು ಚೆನ್ನಾಗಿ ತಿಳಿಯುತ್ತದೆ, ಎಲ್ಲಿ ತಪ್ಪಿತು ಅನ್ನುವುದು ತಿಳಿಯುವುದಿಲ್ಲ. ಡಿಪಾರ್ಟ್‌ಮೆಂಟಿನಲ್ಲಿ ನಾಲ್ಕು ಜನ ಇದ್ದು ಕೆಲಸ ಹಂಚಿಕೊಳ್ಳುವಂತಿದ್ದರೆ ಸರಿ. ಒಬ್ಬರೇ ಇದ್ದರೆ ಬೇಡ.

ಯಾರಿಗೆ ಯಾವುದು

ಎರಡು ಸೆಕ್ಷನ್ ಸೇರಿ ನೂರಿಪ್ಪತ್ತು ಜನ, ತಿದ್ದಲು ವಾರವೂ ಇಲ್ಲ ಅನ್ನುವವರು ನಕ್ಷೆ ಕೊಡಿ, ಜೊತೆಗೆ ಒಂದು ಸಾಲಿನ ಕಾರಣ ಕೇಳುವ ಎರಡು ಬಹು ಆಯ್ಕೆಯ ಪ್ರಶ್ನೆ ಇಡಿ. ಸಂಜೆ ಕಾಲೇಜಿನಲ್ಲಿ ಕೆಲಸ ಮುಗಿಸಿ ಬರುವ ವಿದ್ಯಾರ್ಥಿಗಳಿಗೂ ನಕ್ಷೆಯೇ ವಾಸಿ. ದಣಿದ ಕೈಗೆ ಬರಹಕ್ಕಿಂತ ಬಾಣ ಸುಲಭ, ಯೋಚನೆಯೇನೂ ಕಡಿಮೆ ಆಗುವುದಿಲ್ಲ. ಲಾ ಕಾಲೇಜಿನವರು ಚಿಕ್ಕ ಬರಹ ಬಿಡಬೇಡಿ. ಎದುರು ಪಕ್ಷದ ಮಾತನ್ನು ಸರಿಯಾಗಿ ಹೇಳಿ ಆಮೇಲೆ ಅದನ್ನು ಅಲ್ಲಾಡಿಸುವುದು ಅವರಿಗೆ ದಿನದ ಕೆಲಸವಾಗಲಿದೆ. ಅಲ್ಲಿ ಮೊದಲ ಭಾಗದ 2 ಅಂಕವನ್ನು 3 ಮಾಡಿ, ಕಾರಣದ 3ನ್ನು 2 ಮಾಡಿದರೂ ತಪ್ಪಿಲ್ಲ. ಮೂವತ್ತು ಜನರ ಚಿಕ್ಕ ತರಗತಿ ಇದ್ದವರು ಅದೃಷ್ಟವಂತರು: ಅದೇ ಪ್ಯಾರಾಕ್ಕೆ ಮೊದಲು ನಕ್ಷೆ, ಕೆಳಗೆ ಚಿಕ್ಕ ಬರಹ. ನಕ್ಷೆಯಲ್ಲಿ 4ನ್ನು ತಪ್ಪು ಓದಿದವರು ಬರಹದಲ್ಲೂ ಅದೇ ತಪ್ಪಿನ ಮೇಲೆ ಕಟ್ಟಿರುತ್ತಾರೆ. ಆ ತಪ್ಪಿಗೆ ಒಂದೇ ಸಲ ಅಂಕ ಕಳೆಯಿರಿ, ಉಳಿದದ್ದನ್ನು ಅವರ ಓದಿನ ಪ್ರಕಾರವೇ ತೂಗಿ.

ಸ್ಕೀಮನ್ನು ಟೆಸ್ಟಿಗೆ ಮುಂಚೆಯೇ ಮಕ್ಕಳಿಗೆ ತೋರಿಸಬಹುದು. ಪ್ಯಾರಾ ಮಾತ್ರ ಹೊಸದಾಗಿರಲಿ. ಚೌಕಟ್ಟು ಅದೇ ಇಟ್ಟು ವಿಷಯ ಬದಲಿಸಿದರೆ ಸಾಕು. ಉದಾಹರಣೆಗೆ: ಅಪಾರ್ಟ್‌ಮೆಂಟಿನ ಎ ಬ್ಲಾಕಿನಲ್ಲಿ ಫ್ಲಾಟ್‌ಗೊಂದು ನೀರಿನ ಮೀಟರ್ ಹಾಕಿದರು, ಆಮೇಲೆ ಆ ಬ್ಲಾಕಿಗೆ ಬರುವ ಟ್ಯಾಂಕರ್ ಕಡಿಮೆಯಾಯಿತು, ಮೀಟರಿನಿಂದಲೇ ಕಡಿಮೆಯಾಯಿತು, ಬಾಡಿಗೆದಾರರು ಖರ್ಚು ಹೆಚ್ಚಾಗುತ್ತದೆ ಅನ್ನುತ್ತಾರೆ, ಆದರೆ ಮೀಟರ್ ಹಾಕುವ ಖರ್ಚು ಮಾಲೀಕರದ್ದು, ಆದ್ದರಿಂದ ಬಿ ಬ್ಲಾಕಿಗೂ ಹಾಕಬೇಕು. ನಕ್ಷೆ ಅದೇ ಬರುತ್ತದೆ, ಆದರೆ ಸಡಿಲ ಕೊಂಡಿಗೆ ಕೊಡಬೇಕಾದ ಕಾರಣಗಳು ಬೇರೆ: ಮೀಟರ್ ಹಾಕಿದ್ದು ಮೇ ತಿಂಗಳ ಕೊನೆಯಲ್ಲಾ, ಜೂನಿನ ಮಳೆ ಶುರುವಾಗಿ ಬೋರ್‌ವೆಲ್‌ನಲ್ಲಿ ನೀರು ಬಂತಾ, ಬೇಸಿಗೆ ರಜೆಗೆ ಅರ್ಧ ಮನೆಯವರು ಊರಿಗೆ ಹೋಗಿದ್ದರಾ? 5ನೇ ವಾಕ್ಯವೂ ಈ ಸಲ ಮೊದಲಿನಷ್ಟು ಗಟ್ಟಿಯಿಲ್ಲ. ಬಾಡಿಗೆದಾರರ ಚಿಂತೆ ತಿಂಗಳ ನೀರಿನ ಬಿಲ್ಲಿನದ್ದಾಗಿದ್ದರೆ, ಮೀಟರ್ ಹಾಕುವ ಖರ್ಚು ಯಾರದ್ದು ಅನ್ನುವುದು ಅದಕ್ಕೆ ಉತ್ತರವೇ ಅಲ್ಲ. ಒನ್ ವೇ ಉತ್ತರವನ್ನು ಉರು ಹೊಡೆದು ಬಂದವರು ಇದನ್ನು ಗಮನಿಸುವುದಿಲ್ಲ. ಇದನ್ನು ಹಿಡಿದವರಿಗೆ ಕೊಂಡಿಯ 3 ಅಂಕ ಪೂರ್ತಿ ಕೊಡಬಹುದು.